30 ಸೆಕೆಂಡ್ ಟೀಸರ್, ಹತ್ತೇ ಕ್ಲಿಪ್: ಬೆಟ್ಟದ ಊರಿನ ಸ್ಟೋರಿಬೋರ್ಡ್ ಮಾಡಿದ ಬಗೆ

ಶನಿವಾರ, ಭಾನುವಾರ ಎರಡು ದಿನ ಬೆಟ್ಟದ ಊರೊಂದಕ್ಕೆ ಹೋಗಿ ಬಂದೆವು. ಇಡೀ ಹೊತ್ತು ಮಂಜು. ಫೋನಿನಲ್ಲಿ 22 ಕ್ಲಿಪ್ ಇದ್ದವು, ಎಲ್ಲ ಸೇರಿ ಸುಮಾರು 7 ನಿಮಿಷ. ಅದರಲ್ಲಿ 30 ಸೆಕೆಂಡಿನ ಟೀಸರ್ ಮಾಡಬೇಕಿತ್ತು. 7 ನಿಮಿಷದಿಂದ 30 ಸೆಕೆಂಡ್ ತೆಗೆಯೋದು ಸುಲಭ ಅಂತ ಅನ್ನಿಸುತ್ತೆ ಅಲ್ವಾ? ಕೂತು ಒಂದೊಂದೇ ಕ್ಲಿಪ್ ನೋಡಿದ ಮೇಲೆ ಲೆಕ್ಕ ಬೇರೆಯೇ ಆಯಿತು.

12 ಕ್ಲಿಪ್ ನೇರ ಕಸಕ್ಕೆ. ಕೈ ನಡುಗಿದ್ದು, ಯಾರೋ ಅಡ್ಡ ಬಂದಿದ್ದು, ಒಂದೇ ನೋಟವನ್ನು ಮೂರು ಸಲ ತೆಗೆದಿದ್ದು. ಉಳಿದ ಹತ್ತರಲ್ಲೂ ಫೋಕಸ್ ಹೋದ ಜಾಗ, ಬೆಳಕು ಒಮ್ಮೆಲೇ ಜಿಗಿದ ಜಾಗ ಕತ್ತರಿಸಿದ ಮೇಲೆ ಕೈಗೆ ಸಿಕ್ಕಿದ್ದು 112 ಸೆಕೆಂಡ್. ಅದರಲ್ಲೂ 75 ಸೆಕೆಂಡ್ ಬರೀ ಎರಡು ಕ್ಲಿಪ್‌ನದು, ಎರಡೂ ಮಂಜಿನದು. ಅಂದರೆ ಮಿಕ್ಕ ಎಂಟು ಕ್ಲಿಪ್‌ನಲ್ಲಿ ಒಟ್ಟು 37 ಸೆಕೆಂಡ್. ಜೊತೆಗೆ ಒಂದು ಒಳ್ಳೆಯ ಫೋಟೋ. ಇಷ್ಟೇ ಸಾಮಾನು.

ಮೊದಲ ಸ್ಟೋರಿಬೋರ್ಡ್ ಅನ್ನು, ಅಂದರೆ ಯಾವ ಶಾಟ್ ಆದ ಮೇಲೆ ಯಾವುದು ಅನ್ನುವ ಪಟ್ಟಿಯನ್ನು, ನಾನು ಹೋಗುವ ಮುಂಚೆಯೇ ಬರೆದಿದ್ದೆ. 21 ಶಾಟ್ ಇತ್ತು. ಸೂರ್ಯೋದಯ, ಮೇಲಿನಿಂದ ಕಾಣುವ ರಸ್ತೆ, ಅಂಗಡಿ ಬೀದಿ ಎಲ್ಲ ಇತ್ತು. ಮಂಜು ಇದ್ದಿದ್ದರಿಂದ ಅದರಲ್ಲಿ ಅರ್ಧಕ್ಕೂ ಜಾಸ್ತಿ ತೆಗೆಯಲಿಕ್ಕೇ ಆಗಲಿಲ್ಲ. ಆ ಪಟ್ಟಿಯನ್ನೇ ಹಿಡಿದುಕೊಂಡು, ಇಲ್ಲದ ಶಾಟ್ ಜಾಗಕ್ಕೆ ಇನ್ನೇನಾದರೂ ತುಂಬೋಣ ಅಂತ ಎರಡು ಸಂಜೆ ಒದ್ದಾಡಿದೆ. ಹಾಗೆ ತುಂಬಿದ ಶಾಟ್ ನೋಡಿದ ಕೂಡಲೇ ಗೊತ್ತಾಗುತ್ತೆ. ಅಲ್ಲಿ ಏನೋ ಬೇರೆ ಇರಬೇಕಿತ್ತು ಅನ್ನುವ ಭಾವನೆ ಬರುತ್ತೆ. ಕೊನೆಗೆ ಆ ಪಟ್ಟಿ ಪೂರ್ತಿ ಬಿಟ್ಟೆ. ಹೊಸ ಸ್ಟೋರಿಬೋರ್ಡನ್ನು ಇರುವ ಕ್ಲಿಪ್‌ಗಳಿಂದಲೇ, ಹಿಂದಿನಿಂದ ಮುಂದಕ್ಕೆ ಕಟ್ಟಿದೆ. ಈ ಲಾಗ್ ಅದರದ್ದು.

ಮೊದಲು ಸಾಮಾನಿನ ಪಟ್ಟಿ. ಕ್ಲಿಪ್ ನಂಬರ್ ಫೋನಿನಲ್ಲಿದ್ದ ಕ್ರಮದ್ದೇ.

ಕ್ಲಿಪ್ 3, ಬಸ್ಸಿನ ಎಡ ಕಿಟಕಿಯಿಂದ ರಸ್ತೆ, ಚೆನ್ನಾಗಿರೋದು 2.6 ಸೆಕೆಂಡ್. ಕ್ಲಿಪ್ 4, ಬಲ ಕಿಟಕಿಯಿಂದ, 1.4 ಸೆಕೆಂಡ್. ಕ್ಲಿಪ್ 5, ಮಂಜು ಹಿಡಿದ ಗಾಜನ್ನು ಕೈ ಒರೆಸುವುದು, 4 ಸೆಕೆಂಡ್. ಕ್ಲಿಪ್ 8, ಗೆಳೆಯ ಕಲ್ಲಿನ ಮೆಟ್ಟಿಲು ಹತ್ತುವುದು, ಹಿಂದಿನಿಂದ, 9 ಸೆಕೆಂಡ್. ಕ್ಲಿಪ್ 9, ಒದ್ದೆ ಕಲ್ಲಿನ ಮೇಲೆ ಶೂ, 3 ಸೆಕೆಂಡ್. ಕ್ಲಿಪ್ 12, ವ್ಯೂ ಪಾಯಿಂಟ್ ಕಂಬಿ ಹಿಡಿದು ನಿಂತ ಗೆಳೆಯ, ಮುಂದೆಲ್ಲ ಬಿಳಿ, 30 ಸೆಕೆಂಡ್. ಕ್ಲಿಪ್ 14, ತಿರುವಿನಲ್ಲಿ ಮಂಜಿನೊಳಗಿಂದ ಗಾಡಿಯ ದೀಪ ಬರುವುದು, 6 ಸೆಕೆಂಡ್. ಕ್ಲಿಪ್ 17, ತಗಡಿನ ಚಾವಣಿ ಮೇಲೆ ಮಳೆ, 8 ಸೆಕೆಂಡ್. ಕ್ಲಿಪ್ 19, ರಾತ್ರಿ ಬೀದಿ ದೀಪ, 3 ಸೆಕೆಂಡ್. ಕ್ಲಿಪ್ 21, ಭಾನುವಾರ ಬೆಳಿಗ್ಗೆ ಮಂಜು ಸರಿದು ಇಡೀ ಊರು ಕಾಣುವುದು, 45 ಸೆಕೆಂಡ್. ಫೋಟೋದಲ್ಲಿ ಮಂಜಿನಲ್ಲಿ ಖಾಲಿ ಬೆಂಚು.

ಕ್ಲಿಪ್ 5 ಮತ್ತು 9 ಮಾತ್ರ 1080p, ಸೆಕೆಂಡಿಗೆ 60 ಫ್ರೇಮ್. ಉಳಿದದ್ದೆಲ್ಲ 4K, 30 ಫ್ರೇಮ್. ಇದನ್ನು ಪಟ್ಟಿಯಲ್ಲೇ ಬರೆದಿಡಬೇಕು, ಯಾಕಂದರೆ ಯಾವ ಕ್ಲಿಪ್ ಏನು ಕೊಡಬಲ್ಲದು ಅನ್ನೋದು ಇಲ್ಲೇ ತೀರ್ಮಾನ ಆಗುತ್ತೆ. ನನ್ನ ಟೈಮ್‌ಲೈನ್ 1920×1080, 30 ಫ್ರೇಮ್. 60 ಫ್ರೇಮಿನ ಕ್ಲಿಪ್ಪನ್ನು ಅರ್ಧ ವೇಗಕ್ಕೆ ಇಳಿಸಿದರೂ ಪ್ರತಿ ಫ್ರೇಮೂ ನಿಜವಾದದ್ದೇ ಇರುತ್ತೆ, ಎಳೆದ ಹಾಗೆ ಕಾಣಲ್ಲ. ಆದರೆ ಅದನ್ನು ಹಿಗ್ಗಿಸಲಿಕ್ಕೆ ಆಗಲ್ಲ. 4K ಕ್ಲಿಪ್ ಇದಕ್ಕೆ ಉಲ್ಟಾ. ನಿಧಾನ ಮಾಡಲಿಕ್ಕೆ ಬರಲ್ಲ, ಆದರೆ ಅಗಲದಲ್ಲಿ 3840 ಪಿಕ್ಸೆಲ್ ಇರೋದರಿಂದ ಎರಡು ಪಟ್ಟು ಹತ್ತಿರ ಹೋದರೂ ಚಿತ್ರ ಕೆಡಲ್ಲ. ಹಾಗಾಗಿ ಒಂದು 4K ಕ್ಲಿಪ್ ಅಂದರೆ ನನ್ನ ಲೆಕ್ಕದಲ್ಲಿ ಎರಡು ಶಾಟ್. ದೂರದ್ದು ಒಂದು, ಹತ್ತಿರದ್ದು ಒಂದು.

ಇನ್ನೊಂದು ಸಣ್ಣ ಕೆಲಸ ಮೊದಲೇ ಮುಗಿಸಬೇಕು. ಫೋನಿನ ವಿಡಿಯೋದಲ್ಲಿ ಫ್ರೇಮ್ ವೇಗ ಒಂದೇ ಸಮ ಇರಲ್ಲ, ಅದರಲ್ಲೂ ಕತ್ತಲಲ್ಲಿ ಫೋನ್ ತಾನೇ ವೇಗ ಇಳಿಸಿಬಿಡುತ್ತೆ. ಫೈಲಿನ ವಿವರ ತೋರಿಸುವ MediaInfo ದಲ್ಲಿ ಫೈಲ್ ತೆರೆದರೆ `Frame rate mode: Variable` ಅಂತ ತೋರಿಸುತ್ತೆ. ಹಾಗೇ ಎಡಿಟ್‌ಗೆ ಹಾಕಿದರೆ ಕಟ್ ಒಂದೆರಡು ಫ್ರೇಮ್ ಅತ್ತಿತ್ತ ಆಗಬಹುದು. ಶಾಟ್‌ಗಳನ್ನು 18 ಫ್ರೇಮ್, 36 ಫ್ರೇಮ್ ಅಂತ ಎಣಿಸಿ ಕೂರಿಸುವಾಗ ಅದು ಕಾಣುತ್ತೆ. ಹಾಗಾಗಿ ffmpeg ಅನ್ನುವ ಕಮಾಂಡ್ ಟೂಲಿನಲ್ಲಿ ಎಲ್ಲವನ್ನೂ ಒಂದೇ ವೇಗಕ್ಕೆ ತಂದೆ:

```
ffmpeg -i c19.mp4 -vf fps=30 -c:v libx264 -crf 16 -c:a pcm_s16le c19_cfr.mov
```

60 ಫ್ರೇಮಿನ ಎರಡು ಕ್ಲಿಪ್‌ಗೆ `fps=60`. ಇದರಿಂದ ಕತ್ತಲಲ್ಲಿ ಕಳೆದುಹೋದ ಫ್ರೇಮ್ ವಾಪಸ್ ಬರಲ್ಲ, ಆ ಜಾಗಕ್ಕೆ ಹಿಂದಿನ ಫ್ರೇಮೇ ಇನ್ನೊಂದು ಸಲ ಬರುತ್ತೆ. ಕ್ಲಿಪ್ 19ರಲ್ಲಿ ಬೀದಿಯಲ್ಲಿ ಒಬ್ಬರು ನಡೆದುಹೋಗುವಾಗ ಸಣ್ಣದಾಗಿ ತಡೆದು ತಡೆದು ಹೋದ ಹಾಗೆ ಕಾಣುತ್ತಿತ್ತು. ಅವರು ಫ್ರೇಮ್ ಬಿಟ್ಟು ಹೋದ ಮೇಲಿನ 3 ಸೆಕೆಂಡ್ ಮಾತ್ರ ಇಟ್ಟುಕೊಂಡೆ. ದೀಪ ಅಲ್ಲಾಡಲ್ಲವಲ್ಲ, ಏನೂ ಗೊತ್ತಾಗಲ್ಲ.

ಈಗ ಉದ್ದದ ಲೆಕ್ಕ. ಸಂಗೀತ ಮೊದಲು ಆರಿಸಿದೆ, ನಿಮಿಷಕ್ಕೆ 100 ಬೀಟ್ ಇರುವುದು. ಒಂದು ಬೀಟ್ 0.6 ಸೆಕೆಂಡ್, ಅಂದರೆ ಸರಿಯಾಗಿ 18 ಫ್ರೇಮ್. 30 ಸೆಕೆಂಡಿಗೆ 50 ಬೀಟ್. ಇದು ತುಂಬಾ ಅನುಕೂಲ, ಯಾಕಂದರೆ ಸ್ಟೋರಿಬೋರ್ಡಿನಲ್ಲಿ ಸೆಕೆಂಡ್ ಬದಲು ಬೀಟ್ ಬರೆಯಬಹುದು. 2 ಬೀಟ್, 4 ಬೀಟ್, 8 ಬೀಟ್, ಅಷ್ಟೇ. ನಿಮ್ಮ ಸಂಗೀತ 97 ಬೀಟ್‌ನದು ಅಂತಿಟ್ಟುಕೊಳ್ಳಿ, ಆಗ ಒಂದು ಬೀಟ್ 18.56 ಫ್ರೇಮ್ ಬರುತ್ತೆ. ಅದನ್ನು 19 ಅಂತ ಮಾಡಿ ಕೂಡಿಸುತ್ತಾ ಹೋದರೆ 50ನೇ ಬೀಟಿಗೆ ಬರುವಷ್ಟರಲ್ಲಿ 20 ಫ್ರೇಮಿಗಿಂತ ಜಾಸ್ತಿ ತಪ್ಪಿರುತ್ತೀರಿ. ಅಂಥ ಕಡೆ ಪ್ರತಿ ಸಲ ಶುರುವಿನಿಂದಲೇ ಗುಣಿಸಿ, ಇಲ್ಲವೇ ಕೇಳಿಕೊಂಡು ಬೀಟಿನ ಮೇಲೆ ಮಾರ್ಕರ್ ಹಾಕಿ.

ಮೊದಲ ಕಟ್‌ನಲ್ಲಿ ನಾನು ಕ್ಲಿಪ್ 21 ಅನ್ನು ಶುರುವಿಗೇ ಇಟ್ಟಿದ್ದೆ. ಇರೋದರಲ್ಲಿ ಅದೇ ಚೆಂದ, ನೋಡುವವರನ್ನು ಹಿಡಿದು ನಿಲ್ಲಿಸುತ್ತೆ ಅಂತ. ಅಕ್ಕನಿಗೆ ತೋರಿಸಿದೆ. ಅವಳು ಅರ್ಧಕ್ಕೇ ಫೋನ್ ಕೆಳಗಿಟ್ಟು, "ಊರು ಮೊದಲೇ ತೋರಿಸಿಬಿಟ್ಟೆಯಲ್ಲೋ, ಇನ್ನೇನು ನೋಡಲಿ?" ಅಂದಳು. ಸರಿಯಾದ ಮಾತು. ಊರು ಕಂಡ ಮೇಲೆ ಬರುವ ಪ್ರತಿ ಶಾಟೂ ಅದಕ್ಕಿಂತ ಸಣ್ಣದು. ಹತ್ತೇ ಕ್ಲಿಪ್ ಇರುವಾಗ ಒಳ್ಳೆಯದನ್ನು ಮೊದಲು ಖರ್ಚು ಮಾಡಿದರೆ ಉಳಿದ 25 ಸೆಕೆಂಡ್ ಇಳಿಜಾರೇ.

ಅವಳ ಮಾತಿನಿಂದಲೇ ಎಳೆ ಸಿಕ್ಕಿತು. ನನ್ನ ಹತ್ತಿರ ಊರಿನ ದೃಶ್ಯ ಇರೋದು ಒಂದೇ, ಮಿಕ್ಕಿದ್ದೆಲ್ಲ ಊರನ್ನು ಮುಚ್ಚಿದ ಮಂಜು. ಹಾಗಾದರೆ ಟೀಸರ್ ಅಂದರೆ ಊರು ಕಾಣದೆ ಇರೋದು, ಕೊನೆಗೆ ಕಾಣೋದು. ಕೊರತೆ ಅಂತ ಅಂದುಕೊಂಡಿದ್ದೇ ಕಥೆ ಆಯಿತು. ಇದಾದ ಮೇಲೆ ಪಟ್ಟಿ ಒಂದೇ ಸಂಜೆಯಲ್ಲಿ ಮುಗಿಯಿತು. ಪ್ರತಿ ಸಾಲಿಗೂ ಮೂಲ ಕ್ಲಿಪ್, ಎಲ್ಲಿಂದ ಶುರು, ಎಷ್ಟು ಬೀಟ್, ಎಷ್ಟು ಕ್ರಾಪ್, ಯಾವ ಶಬ್ದ ಅಂತ ಬರೆದೆ, ಕೊನೆಯಲ್ಲಿ "ಯಾಕೆ" ಅಂತ ಒಂದು ಕಾಲಂ. ಆ ಕೊನೆಯ ಕಾಲಂ ತುಂಬಲಿಕ್ಕೆ ಆಗದ ಶಾಟನ್ನು ತೆಗೆದುಹಾಕಿದೆ.

ಶಾಟ್ 1, ಕ್ಲಿಪ್ 5, 8 ಬೀಟ್. ಮೊದಲ 2 ಬೀಟ್ ಪೂರ್ತಿ ಕಪ್ಪು, ಬಸ್ಸು ಗೇರ್ ಬದಲಿಸಿ ಏರು ಹತ್ತುವ ಶಬ್ದ ಮಾತ್ರ. ಆಮೇಲೆ 6 ಬೀಟ್ ಮಂಜು ಹಿಡಿದ ಗಾಜು, ಕೈ ಬಂದು ಒರೆಸುತ್ತೆ. ಅರ್ಧ ವೇಗ, ಹಾಗಾಗಿ 3.6 ಸೆಕೆಂಡ್ ತೋರಿಸಲಿಕ್ಕೆ ಮೂಲದಲ್ಲಿ 1.8 ಸೆಕೆಂಡ್ ಸಾಕು. ಈ ಕ್ಲಿಪ್‌ನ ಮೊದಲ 2 ಸೆಕೆಂಡ್ ಫೋಕಸ್ ಗಾಜಿಗೂ ಹೊರಗಿನ ಮರಕ್ಕೂ ನಡುವೆ ಓಡಾಡುತ್ತಿತ್ತು, ಗಾಜಿನ ಮೂಲಕ ತೆಗೆದರೆ ಫೋನ್ ಹೀಗೆ ಮಾಡೋದು ಸಾಮಾನ್ಯ. ಆ ಭಾಗ ಬಿಟ್ಟೆ. ಯಾಕೆ ಈ ಶಾಟ್ ಮೊದಲು? ಕೈ ಒರೆಸುತ್ತೆ, ಆದರೆ ಹೊರಗೂ ಮಂಜೇ. ಏನೋ ಕಾಣಬೇಕು ಅನ್ನುವ ಆಸೆ ಇಲ್ಲೇ ಹುಟ್ಟುತ್ತೆ.

ಶಾಟ್ 2, ಕ್ಲಿಪ್ 3, 4 ಬೀಟ್. ಎಡ ಕಿಟಕಿಯಿಂದ ರಸ್ತೆ ಅಂಚು, ಮರಗಳು. ಇರೋದು 2.6 ಸೆಕೆಂಡ್, ಬೇಕಾದದ್ದು 2.4. ಸ್ಟೆಬಿಲೈಸ್ ಮಾಡಿ ನೋಡಿದೆ. ಮರಗಳು ಜೆಲ್ಲಿ ಥರ ಓಲಾಡಿದವು. ಫೋನ್ ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತೆ. ಓದುವ ನಡುವೆಯೇ ಬಸ್ಸು ಕುಲುಕಿದರೆ ಆ ಬಾಗು ಚಿತ್ರದ ಒಳಗೇ ಕೂತಿರುತ್ತೆ, ಸ್ಟೆಬಿಲೈಸ್ ಅದನ್ನು ಸರಿ ಮಾಡೋದಿಲ್ಲ, ಇನ್ನೂ ಎತ್ತಿ ತೋರಿಸುತ್ತೆ. ಹಾಗೇ ಬಿಟ್ಟೆ. ಬಸ್ಸಿನ ಕಿಟಕಿ ಸ್ವಲ್ಪ ಕುಲುಕಿದರೆ ಯಾರಿಗೂ ಬೇಜಾರಿಲ್ಲ.

ಶಾಟ್ 3, ಕ್ಲಿಪ್ 14, 4 ಬೀಟ್. ಬಿಳಿ ಮಂಜು, ಒಳಗಿಂದ ಎರಡು ಚುಕ್ಕೆ ದೀಪ, ಆಮೇಲೆ ಗಾಡಿಯ ಆಕಾರ. ಗಾಡಿ ಪೂರ್ತಿ ಕಾಣುವ ಮುಂಚೆಯೇ ಕಟ್. ಈ ಶಾಟ್ ಇನ್ನೊಂದು ಕೆಲಸವನ್ನೂ ಮಾಡುತ್ತೆ, ಅದನ್ನು ಮುಂದಿನ ಶಾಟ್‌ನಲ್ಲಿ ಹೇಳ್ತೀನಿ.

ಶಾಟ್ 4, ಕ್ಲಿಪ್ 4, 2 ಬೀಟ್. ಇಲ್ಲಿ ನಾನು ಜಾಸ್ತಿ ಹೊತ್ತು ಸಿಕ್ಕಿಹಾಕಿಕೊಂಡೆ. ಎಡ ಕಿಟಕಿಯಿಂದ ತೆಗೆದರೆ ಮರಗಳು ಫ್ರೇಮಿನಲ್ಲಿ ಬಲದಿಂದ ಎಡಕ್ಕೆ ಓಡುತ್ತವೆ, ಅಂದರೆ ನಾವು ಬಲಕ್ಕೆ ಹೋಗುತ್ತಿದ್ದೇವೆ ಅನ್ನಿಸುತ್ತೆ. ಬಲ ಕಿಟಕಿಯದು ಇದಕ್ಕೆ ವಿರುದ್ಧ. ಎರಡನ್ನೂ ಹತ್ತಿರ ಇಟ್ಟರೆ ಬಸ್ಸು ಹೋಗಿ ವಾಪಸ್ ಬಂದ ಹಾಗೆ ಕಾಣುತ್ತೆ. ಕ್ಲಿಪ್ 4 ಅನ್ನು ಅಡ್ಡ ತಿರುಗಿಸಿ ಕನ್ನಡಿಯ ಬಿಂಬದ ಹಾಗೆ ಮಾಡಿದೆ, ದಿಕ್ಕು ಸರಿಹೋಯಿತು. ಎರಡು ದಿನ ಬಿಟ್ಟು ನೋಡಿದಾಗ ರಸ್ತೆ ಬದಿಯ ಬೋರ್ಡಿನ ಅಕ್ಷರ ತಿರುಗಿ ಮುರುಗಾಗಿ ಕಂಡಿತು! ಬೋರ್ಡು ಬರುವ ಮುಂಚೆ ಉಳಿದದ್ದು 1.4 ಸೆಕೆಂಡ್ ಮಾತ್ರ, ಹಾಗಾಗಿ ಈ ಶಾಟ್ 4 ಬೀಟ್‌ನಿಂದ 2 ಬೀಟಿಗೆ ಇಳಿಯಿತು. ತಿರುಗಿಸಿದ ಕ್ಲಿಪ್‌ನಲ್ಲಿ ಬೋರ್ಡು, ನಂಬರ್ ಪ್ಲೇಟು, ಗಡಿಯಾರ, ಗಾಡಿ ರಸ್ತೆಯ ಯಾವ ಬದಿಯಲ್ಲಿ ಹೋಗುತ್ತಿದೆ ಅನ್ನೋದು, ಇವಿಷ್ಟನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಬೇಕು. ಶಾಟ್ 3ರ ಕೆಲಸ ಈಗ ಗೊತ್ತಾಗುತ್ತೆ. ಅದರಲ್ಲಿ ಗಾಡಿ ನೇರ ನಮ್ಮ ಕಡೆಗೇ ಬರುತ್ತೆ, ಎಡವೂ ಅಲ್ಲ ಬಲವೂ ಅಲ್ಲ. ಎರಡು ಬಸ್ ಶಾಟ್ ನಡುವೆ ಅದು ಇದ್ದರೆ ಬೆಟ್ಟದ ಇಳಿಜಾರು ಒಂದು ಸಲ ಈ ಬದಿ, ಇನ್ನೊಂದು ಸಲ ಆ ಬದಿ ಕಂಡರೂ ರಸ್ತೆ ತಿರುವು ತಗೊಂಡಿತು ಅಂತ ಕಣ್ಣು ಒಪ್ಪಿಕೊಳ್ಳುತ್ತೆ.

ಶಾಟ್ 5, ಕ್ಲಿಪ್ 9, 2 ಬೀಟ್. ಶೂ ಒದ್ದೆ ಕಲ್ಲಿನ ಮೇಲೆ ಊರುತ್ತೆ, ನೀರು ಸಿಡಿಯುತ್ತೆ. ಅರ್ಧ ವೇಗ. ಶೂ ಕಲ್ಲಿಗೆ ತಾಗುವ ಫ್ರೇಮನ್ನು ಬೀಟಿನ ಮೇಲೆ ಕೂರಿಸಿದೆ, ಕಟ್ಟನ್ನು ಅಲ್ಲಿ ಕೂರಿಸಲಿಲ್ಲ. ಕಟ್ ಅದಕ್ಕಿಂತ ಸ್ವಲ್ಪ ಮುಂಚೆ ಬರುತ್ತೆ. ಎಲ್ಲ ಕಟ್ಟೂ ಬೀಟಿನ ಮೇಲೇ ಬಿದ್ದರೆ ಐದಾರು ಶಾಟ್ ಆಗುವಷ್ಟರಲ್ಲಿ ಮುಂದಿನದು ಯಾವಾಗ ಅಂತ ನೋಡುವವರಿಗೆ ಗೊತ್ತಾಗಿಬಿಡುತ್ತೆ. ಇಲ್ಲಿ ಒಂದು ಸಲ ಮುರಿದದ್ದು ಒಳ್ಳೆಯದಾಯಿತು.

ಶಾಟ್ 6, ಕ್ಲಿಪ್ 8, 4 ಬೀಟ್. ಗೆಳೆಯ ಹಿಂದಿನಿಂದ, ಮೆಟ್ಟಿಲು ಹತ್ತುತ್ತಾ ಮಂಜಿನೊಳಗೆ ಹೋಗುತ್ತಾನೆ. ಎಡ ಕೆಳಗಿನಿಂದ ಬಲ ಮೇಲಕ್ಕೆ, ಬಸ್ಸಿನ ದಿಕ್ಕೇ ಮುಂದುವರಿಯುತ್ತೆ. ಈ ಕ್ಲಿಪ್ ಒಟ್ಟು 14 ಸೆಕೆಂಡ್ ಇದ್ದರೂ 9ನೇ ಸೆಕೆಂಡಿನಲ್ಲಿ ಫೋನ್ ತಾನೇ ಬಣ್ಣ ಬದಲಿಸಿದೆ, ನೀಲಿ ಇದ್ದದ್ದು ಹಳದಿ ಆಗಿದೆ. ಶಾಟ್‌ನ ನಡುವೆ ಹೀಗೆ ಬದಲಾದರೆ ಸರಿಮಾಡೋದು ಕಷ್ಟ, ಅದಕ್ಕೇ ಮೊದಲ 9 ಸೆಕೆಂಡಿನೊಳಗಿಂದಲೇ ತೆಗೆದೆ.

ಶಾಟ್ 7, ಫೋಟೋ, 2 ಬೀಟ್. ಖಾಲಿ ಬೆಂಚು. ಫೋಟೋ ಅಂತ ಗೊತ್ತಾಗಬಾರದು ಅಂದರೆ ಎರಡು ಬೇಕು. ಒಂದು ಸಣ್ಣ ಚಲನೆ, ನಾನು 36 ಫ್ರೇಮಿನಲ್ಲಿ 100ರಿಂದ 103 ಪರ್ಸೆಂಟ್ ಮಾತ್ರ ಹಿಗ್ಗಿಸಿದೆ. ಅದಕ್ಕಿಂತ ಜಾಸ್ತಿ ಮಾಡಿದರೆ ಸ್ಲೈಡ್ ಶೋ ಥರ ಆಗುತ್ತೆ. ಎರಡನೆಯದು ಶಬ್ದ. ಮುಂದಿನ ಶಾಟ್‌ನ ಮಳೆ ಶಬ್ದವನ್ನು ಈ ಫೋಟೋ ಶುರುವಾಗುವಾಗಲೇ ಮೆಲ್ಲಗೆ ತಂದೆ. ಮಳೆ ಕೇಳಿಸುತ್ತಿದ್ದರೆ ಸುಮ್ನೆ ನಿಂತ ಬೆಂಚೂ ಜೀವಂತ ಆಗುತ್ತೆ. ಜನ, ಎಲೆ, ನೀರು ಇರುವ ಫೋಟೋಗೆ ಇದು ನಡೆಯಲ್ಲ, ಅವು ಅಲ್ಲಾಡದೆ ಇರೋದು ಕಣ್ಣಿಗೆ ಹೊಡೆಯುತ್ತೆ.

ಶಾಟ್ 8, ಕ್ಲಿಪ್ 17, 2 ಬೀಟ್, 170 ಪರ್ಸೆಂಟಿಗೆ ಹಿಗ್ಗಿಸಿ ಕ್ರಾಪ್. ಚಾವಣಿ ಅಂಚಿನಿಂದ ಹನಿ ಬೀಳುವಷ್ಟೇ. ಪೂರ್ತಿ ಫ್ರೇಮ್ ಇಟ್ಟಿದ್ದರೆ ಹಿಂದೆ ಇನ್ನೂ ನಾಲ್ಕು ಮನೆ ಕಾಣುತ್ತಿತ್ತು, ಊರು ಬೇಗ ಬಯಲಾಗುತ್ತಿತ್ತು. ಕ್ರಾಪ್ ಮಾಡೋದು ಚಂದಕ್ಕೆ ಮಾತ್ರ ಅಂತ ಅಂದುಕೊಂಡಿದ್ದೆ, ಮುಚ್ಚಿಡಲಿಕ್ಕೂ ಅದು ಬೇಕು.

ಶಾಟ್ 9, ಕ್ಲಿಪ್ 12, 4 ಬೀಟ್, 180 ಪರ್ಸೆಂಟ್. ಒದ್ದೆ ಕಂಬಿಯ ಮೇಲೆ ಕೈ, ಹಿಂದೆಲ್ಲ ಬಿಳಿ. ಮೂಲದ 6ನೇ ಸೆಕೆಂಡಿನಿಂದ. ಬಣ್ಣ ಸ್ವಲ್ಪ ನೀಲಿಗೆ ತಿರುಗಿಸಿದೆ, ಸಂಜೆ ಆಗ್ತಾ ಇದೆ ಅನ್ನಿಸಲಿ ಅಂತ.

ಶಾಟ್ 10, ಕ್ಲಿಪ್ 19, 4 ಬೀಟ್. ಬೀದಿ ದೀಪ, ಸುತ್ತ ಮಂಜಿನ ವೃತ್ತ. ಕತ್ತಲಲ್ಲಿ ಕಾಳು ಕಾಳು ಬಂದಿತ್ತು. ನಾಯ್ಸ್ ತೆಗೆಯುವ ಎಫೆಕ್ಟ್ ಜೋರಾಗಿ ಹಾಕಿದರೆ ಮಂಜು ಪಟ್ಟೆ ಪಟ್ಟೆಯಾಗಿ ಒಡೆಯಿತು. ಬಿಳಿಯಿಂದ ಕಪ್ಪಿಗೆ ನಿಧಾನಕ್ಕೆ ಇಳಿಯುವ ಜಾಗದಲ್ಲಿ ಆ ಕಾಳೇ ಪಟ್ಟೆಯನ್ನು ಮುಚ್ಚಿರುತ್ತೆ. ಹಾಗಾಗಿ ಎಫೆಕ್ಟನ್ನು ಅರ್ಧಕ್ಕಿಂತ ಕಡಿಮೆ ಮಾಡಿ, ಕಪ್ಪು ಭಾಗವನ್ನು ಇನ್ನಷ್ಟು ಕಪ್ಪು ಮಾಡಿದೆ.

ಆಮೇಲೆ 2 ಬೀಟ್ ಕಪ್ಪು. ಸಂಗೀತವೂ ನಿಲ್ಲುತ್ತೆ. ಗಾಳಿ ಶಬ್ದ ಹಾಕಬೇಕು ಅಂತ ಕ್ಲಿಪ್ 12ರದ್ದು ತೆಗೆದು ನೋಡಿದೆ, ಗಾಳಿ ನೇರ ಮೈಕಿಗೆ ಹೊಡೆದು ಬರೀ ಗೊರಗೊರ. ಅದನ್ನು ಯಾವ ಫಿಲ್ಟರೂ ಉಳಿಸಲ್ಲ. ಮಳೆ ಶಬ್ದದ ಕೊನೆಯ ಒಂದೆರಡು ಹನಿಯನ್ನೇ ಇಲ್ಲಿ ಬಿಟ್ಟೆ.

ಶಾಟ್ 11, ಮತ್ತೆ ಕ್ಲಿಪ್ 12, 4 ಬೀಟ್, ಈ ಸಲ ಪೂರ್ತಿ ಫ್ರೇಮ್. ಗೆಳೆಯ ಸಣ್ಣದಾಗಿ, ಬಿಳಿಯ ಮುಂದೆ. ಒಂದೇ ಕ್ಲಿಪ್ ಎರಡು ಸಲ ಬಂದಿದ್ದು ಗೊತ್ತಾಗಬಾರದು ಅಂದರೆ ಏನು ಮಾಡಬೇಕು ಅಂತ ತುಂಬಾ ಪ್ರಯತ್ನ ಮಾಡಿದೆ. ಒಂದೇ ಕೋನದಿಂದ 120 ಪರ್ಸೆಂಟ್ ಮಾತ್ರ ಕ್ರಾಪ್ ಮಾಡಿ ಪಕ್ಕಪಕ್ಕ ಇಟ್ಟಾಗ ಫ್ರೇಮ್ ಜಿಗಿದ ಹಾಗಾಯಿತು. 180ಕ್ಕೂ 100ಕ್ಕೂ ಇರುವ ಅಂತರದಲ್ಲಿ ಜಿಗಿತ ಕಾಣಲಿಲ್ಲ, ಆದರೆ ಪಕ್ಕಪಕ್ಕ ಇದ್ದಾಗ ಅದೇ ಜಾಗ, ಅದೇ ಹೊತ್ತು ಅಂತ ಗೊತ್ತಾಗುತ್ತಿತ್ತು. ನಡುವೆ ರಾತ್ರಿಯ ದೀಪ ಮತ್ತು ಕಪ್ಪು ಬಂದ ಮೇಲೆ ಎಲ್ಲ ಬದಲಾಯಿತು. ನೋಡುವವರು ಇದನ್ನು ಮರುದಿನ ಬೆಳಿಗ್ಗೆ ಅಂತ ಓದುತ್ತಾರೆ. ಶಾಟ್ 9 ನೀಲಿ, ಇದು ಮೂಲ ಬಣ್ಣವೇ, ಸ್ವಲ್ಪ ಬೆಚ್ಚಗೆ. ಮೂಲದ 24ನೇ ಸೆಕೆಂಡಿನಿಂದ ತೆಗೆದೆ, ಅಲ್ಲಿ ಮಂಜು ಇನ್ನೂ ದಟ್ಟ, ಅವನು ತಲೆ ತುಸು ಎತ್ತುತ್ತಾನೆ. ಅದು ತಾನಾಗಿ ಸಿಕ್ಕಿದ್ದು. ಮುಂದೆ ಏನೋ ಕಾಣುತ್ತೆ ಅನ್ನೋದಕ್ಕೆ ಅಷ್ಟು ಸಾಕು.

ಶಾಟ್ 12, ಕ್ಲಿಪ್ 21, 8 ಬೀಟ್. ಮಂಜು ಸರಿದು ಊರು ಕಾಣುತ್ತೆ. ಫೋನನ್ನು ಗೋಡೆಗೆ ಒರಗಿಸಿ ಇಟ್ಟಿದ್ದರಿಂದ ಒಂದು ಚೂರೂ ಅಲ್ಲಾಡಿಲ್ಲ, ಇಲ್ಲದಿದ್ದರೆ ಮುಂದಿನ ಕೆಲಸ ಯಾವುದೂ ಆಗುತ್ತಿರಲಿಲ್ಲ. ಮಂಜು ನಿಜವಾಗಿ ಸರಿಯಲು 40 ಸೆಕೆಂಡ್ ತಗೊಂಡಿತ್ತು, ನನ್ನ ಬಳಿ ಇದ್ದದ್ದು 4.8 ಸೆಕೆಂಡ್. ಎಂಟು ಪಟ್ಟು ವೇಗ ಮಾಡಿದರೆ ಮಂಜು ಹೊಗೆಯ ಹಾಗೆ ಓಡುತ್ತಿತ್ತು, ಬೆಟ್ಟದ ಭಾರವೇ ಹೋಯಿತು. ನಾಲ್ಕು ಪಟ್ಟಿಗೆ ಇಳಿಸಿದೆ. ಆಗ ಮೂಲದ 19.2 ಸೆಕೆಂಡ್ ಮಾತ್ರ ಹಿಡಿಯುತ್ತೆ, ಹಾಗಾಗಿ ಅರ್ಧ ಸರಿದ ಜಾಗದಿಂದ ಶುರು ಮಾಡಿದೆ. ಮೊದಲು ಎರಡು ಚಾವಣಿ, ಆಮೇಲೆ ಮಿಕ್ಕಿದ್ದು.

ನಾಲ್ಕು ಪಟ್ಟು ಅಂದರೆ ನಾಲ್ಕು ಫ್ರೇಮಿಗೆ ಒಂದನ್ನು ಮಾತ್ರ ಇಟ್ಟುಕೊಂಡ ಹಾಗೆ, ಮಂಜು ಚೂರು ಚೂರಾಗಿ ಹೆಜ್ಜೆ ಇಟ್ಟ ಹಾಗೆ ಕಂಡಿತು. ಫ್ರೇಮ್ ಬ್ಲೆಂಡಿಂಗ್ ಹಾಕಿದೆ, ಬಿಟ್ಟ ಫ್ರೇಮ್‌ಗಳೂ ಬೆರೆತು ಮೃದುವಾಯಿತು. ಮಂಜಿಗೆ ಈ ಬೆರಕೆ ಹೇಳಿ ಮಾಡಿಸಿದ್ದು, ಅಂಚೇ ಇಲ್ಲವಲ್ಲ ಅದಕ್ಕೆ. ಆದರೆ ಕೆಳಗಿನ ರಸ್ತೆಯಲ್ಲಿ ಒಂದು ಸ್ಕೂಟರ್ ನಾಲ್ಕು ಪಟ್ಟು ವೇಗದಲ್ಲಿ ಇರುವೆ ಥರ ಓಡಿತು, ಹಿಂದೆ ನೆರಳಿನ ಬಾಲ ಬೇರೆ. ಕಣ್ಣೆಲ್ಲ ಅದರ ಮೇಲೇ. 125 ಪರ್ಸೆಂಟ್ ಕ್ರಾಪ್ ಮಾಡಿ ಫ್ರೇಮನ್ನು ಮೇಲಕ್ಕೆ ಸರಿಸಿದೆ, ರಸ್ತೆ ಹೊರಗೆ ಹೋಯಿತು. ಹೆಸರು ಕೊನೆಯ 4 ಬೀಟ್‌ನಲ್ಲಿ, ಮೇಲಿನ ಆಕಾಶದ ಖಾಲಿ ಜಾಗದಲ್ಲಿ. ಅದಕ್ಕಿಂತ ಮುಂಚೆ ಬಂದರೆ ಜನ ಅಕ್ಷರ ಓದುತ್ತಾರೆ, ಊರನ್ನು ನೋಡಲ್ಲ.

ಕೂಡಿಸಿ ನೋಡಿ: 8, 4, 4, 2, 2, 4, 2, 2, 4, 4, ಕಪ್ಪಿಗೆ 2, 4, 8. ಒಟ್ಟು 50.

ಎಡಿಟ್ ಶುರು ಮಾಡುವ ಮುಂಚೆ ಪ್ರತಿ ಶಾಟ್‌ನಿಂದ ಒಂದೊಂದು ಫ್ರೇಮ್ ತೆಗೆದು, ಚಿತ್ರಗಳನ್ನೇ ಈ ಉದ್ದಕ್ಕೆ ಸಾಲಾಗಿ ಇಟ್ಟು ಸಂಗೀತದ ಜೊತೆ ಓಡಿಸಿದ್ದೆ. 20 ನಿಮಿಷದ ಕೆಲಸ, ಆದರೆ ಎರಡು ತಪ್ಪು ಅಲ್ಲೇ ಸಿಕ್ಕಿತು. ಆಗ ಶಾಟ್ 5ರಿಂದ 8ರವರೆಗೆ ಎಲ್ಲವೂ 4 ಬೀಟ್ ಇತ್ತು, ನಡುವೆ ಎಳೆದಾಡಿತು. ಮೆಟ್ಟಿಲು ಹತ್ತುವುದನ್ನು ಮಾತ್ರ 4ಕ್ಕೆ ಬಿಟ್ಟು ಉಳಿದ ಮೂರನ್ನು 2ಕ್ಕೆ ಇಳಿಸಿದೆ. ಉಳಿದ 6 ಬೀಟ್‌ನಲ್ಲಿ 2 ಕಪ್ಪಿಗೆ, 4 ಊರಿಗೆ ಹೋಯಿತು. ಇನ್ನೊಂದು, ಶಾಟ್ 6, ಫೋಟೋ ಮತ್ತು ಶಾಟ್ 9, ಮೂರರಲ್ಲೂ ಮುಖ್ಯವಾದ ವಸ್ತು ನಡುಮಧ್ಯೆ ಇತ್ತು. ನಿಂತ ಚಿತ್ರಗಳನ್ನು ಸಾಲಾಗಿ ನೋಡುವಾಗ ಇದು ಎದ್ದು ಕಾಣುತ್ತೆ, ಓಡುವ ವಿಡಿಯೋದಲ್ಲಿ ಕಾಣಲ್ಲ. ಬೆಂಚನ್ನು ಎಡಕ್ಕೆ, ಕೈಯನ್ನು ಬಲಕ್ಕೆ ಕ್ರಾಪ್‌ನಲ್ಲೇ ಸರಿಸಿದೆ.

ಕೊನೆಗೆ ಫೋನಿಗೆ ಉದ್ದುದ್ದ ಆವೃತ್ತಿ ಬೇಕಾಯಿತು, 1080×1920. 4K ಕ್ಲಿಪ್‌ನಿಂದ ಉದ್ದ ಪಟ್ಟಿ ಕತ್ತರಿಸಿದರೆ 1215×2160 ಸಿಗುತ್ತೆ, ಸಾಕು. ಆದರೆ ಮೊದಲೇ 170, 180 ಕ್ರಾಪ್ ಮಾಡಿದ ಶಾಟ್ 8 ಮತ್ತು 9ಕ್ಕೆ ಇದು ಸಾಲಲ್ಲ, ಅವೆರಡನ್ನೂ ಕ್ರಾಪ್ ಇಲ್ಲದೆ ಬರೀ ಪಟ್ಟಿಯಾಗಿ ಕತ್ತರಿಸಿದೆ. ಪಟ್ಟಿಯೇ ಕಿರಿದಾದ್ದರಿಂದ ಹಿಂದಿನ ಮನೆಗಳು ತಾನಾಗಿ ಹೊರಗೆ ಉಳಿದವು. 1080pಯ ಎರಡು ಕ್ಲಿಪ್‌ನಲ್ಲಿ 607 ಪಿಕ್ಸೆಲ್ ಅಗಲ ಮಾತ್ರ ಸಿಕ್ಕಿತು. ಮಂಜು ಹಿಡಿದ ಗಾಜು ಮಸುಕಾದರೆ ಏನೂ ಆಗಲ್ಲ, ಅದು ಮೊದಲೇ ಮಸುಕು. ಶೂ ಮಾತ್ರ ಕೆಟ್ಟಿತು, ಕಲ್ಲಿನ ಒರಟು, ನೀರಿನ ಹನಿ ಎಲ್ಲ ಕರಗಿಹೋಯಿತು. ಆ ಆವೃತ್ತಿಯಲ್ಲಿ ಶಾಟ್ 5 ತೆಗೆದು, ಅದರ 2 ಬೀಟನ್ನು ಮೆಟ್ಟಿಲು ಶಾಟ್‌ಗೇ ಸೇರಿಸಿ 6 ಮಾಡಿದೆ. ಮೆಟ್ಟಿಲು ಉದ್ದ ಫ್ರೇಮಿನಲ್ಲಿ ಮೇಲಿನವರೆಗೂ ಹೋಗುತ್ತೆ, 6 ಬೀಟ್ ಇದ್ದರೂ ಜಾಸ್ತಿ ಅನ್ನಿಸಲಿಲ್ಲ.